ವಾರ್ತಕ್ಕ ಬರೆಯದ ಮಾತು

ಆಕೆಯನ್ನು ಹೆಸರು ಹಿಡಿದು ಕರೆಯುವವರು ಬಹುಶಃ ಯಾರೂ ಉಳಿದಿರಲಿಲ್ಲ. ಬೀದಿಗೆಲ್ಲ ಆಕೆ ವಾರ್ತಕ್ಕ. ಒಂದು ಕಾಲದಲ್ಲಿ ಕೇಬಲ್ ಚಾನೆಲ್ಲಿನಲ್ಲಿ ಸಂಜೆಯ ಸುದ್ದಿ ಬರೆದು, ಬರೆದದ್ದನ್ನು ತಾನೇ ಓದುತ್ತಿದ್ದಳು. ಚಾನೆಲ್ ಮುಚ್ಚಿಹೋಗಿ ಎಷ್ಟೋ ವರ್ಷವಾದರೂ ಸುದ್ದಿಮನೆಯ ಒಂದು ಚಾಳಿ ಮಾತ್ರ ಆಕೆಯನ್ನು ಬಿಟ್ಟಿರಲಿಲ್ಲ. ಯಾರು ಏನೇ ಹೇಳಲಿ, "ನಿಂಗ್ಯಾರು ಹೇಳಿದ್ದು? ಅವರಿಗೆ ಯಾರು ಹೇಳಿದ್ದು?" ಅನ್ನುವುದು. ಪಕ್ಕದ ಮನೆಯಾಕೆ ನಾಳೆ ನೀರು ಬರುವುದಿಲ್ಲವಂತೆ ಅಂದರೆ ನೀರು ಸರಬರಾಜಿನ ಕಚೇರಿಗೆ ಫೋನು ಮಾಡಿ ಖಚಿತಪಡಿಸಿಕೊಂಡೇ ಬಿಂದಿಗೆ ತುಂಬಿಡುತ್ತಿದ್ದಳು. ತಂಗಿಗೆ ಗಂಡು ಗೊತ್ತಾದಾಗ, ಹುಡುಗ ಬ್ಯಾಂಕಿನಲ್ಲಿದ್ದಾನೆ ಅಂದರೆ ನಂಬದೆ ಆ ಬ್ಯಾಂಕಿಗೇ ಹೋಗಿ, ಸಾಲಿನಲ್ಲಿ ನಿಂತು, ಕೌಂಟರಿನ ಹಿಂದೆ ಕೂತವನ ಮುಖವನ್ನು ಫೋಟೋದ ಜೊತೆ ತಾಳೆ ನೋಡಿ ಬಂದವಳು. ಆ ಕಥೆಯನ್ನು ತಂಗಿಯ ಗಂಡ ಇವತ್ತಿಗೂ ನಗುತ್ತ ಹೇಳುತ್ತಾನೆ. ತಂಗಿ ನಗುವುದಿಲ್ಲ.

ಚಾನೆಲ್ ಮುಚ್ಚಿದ ಮೇಲೆ ಅದರ ಕ್ಯಾಮೆರಾಮನ್ ಮುಖ್ಯರಸ್ತೆಯಲ್ಲಿ ಒಂದು ಫೋಟೋ ಸ್ಟುಡಿಯೋ ಇಟ್ಟ. ಅವನನ್ನು ಎಲ್ಲರೂ ಲೈಟಣ್ಣ ಅನ್ನುತ್ತಿದ್ದರು. ಮುಖ ನೋಡಿದ ಕೂಡಲೆ ಬೆಳಕು ಎಲ್ಲಿಂದ ಬರಬೇಕು ಅಂತ ಹೇಳಿಬಿಡುತ್ತಿದ್ದ. ಮಾತು ಮಾತ್ರ ತೂಕ ಹಾಕಿದ ಹಾಗೆ. ಕೆಳಗೆ ಅವನ ಪಾಸ್‌ಪೋರ್ಟ್ ಫೋಟೋ, ಮೇಲಿನ ಕೋಣೆಯಲ್ಲಿ ವಾರ್ತಕ್ಕನ ಬರವಣಿಗೆ. ಹೊರದೇಶದ ಕೆಲಸಕ್ಕೆ ಅರ್ಜಿ ಹಾಕುವ ಹುಡುಗ ಹುಡುಗಿಯರು ವಿಡಿಯೋ ರೆಸ್ಯೂಮೆ ಬೇಕು ಅಂತ ಬರತೊಡಗಿದ ಮೇಲೆ ಇಬ್ಬರ ಕೆಲಸವೂ ಒಂದಾಯಿತು. ಆಕೆ ಮಾತು ಬರೆಯುತ್ತಿದ್ದಳು, ಅವನು ಮುಖ ಹಿಡಿಯುತ್ತಿದ್ದ.

ತೊಂಬತ್ತು ಸೆಕೆಂಡು. ಅದಕ್ಕಿಂತ ಹೆಚ್ಚು ಹೊತ್ತು ಯಾರೂ ನೋಡುವುದಿಲ್ಲ ಅನ್ನುವುದು ವಾರ್ತಕ್ಕನ ಲೆಕ್ಕ. ಅಷ್ಟರಲ್ಲಿ ಹೆಸರು, ಓದಿದ್ದು, ಯಾವ ಕೆಲಸಕ್ಕೆ ಕೇಳುತ್ತಿದ್ದೀನಿ ಅನ್ನುವುದು, ಕೈಯಾರೆ ಮಾಡಿದ ಒಂದು ಕೆಲಸದ ಕಥೆ, ಕೊನೆಗೆ ಒಂದು ಧನ್ಯವಾದ, ಇಷ್ಟು ಹಿಡಿಸಬೇಕು. ಹುಟ್ಟಿದ ದಿನ, ಮನೆಯ ವಿಳಾಸ, ಮದುವೆಯಾಗಿದೆಯೋ ಇಲ್ಲವೋ ಇವಕ್ಕೆಲ್ಲ ಜಾಗವಿಲ್ಲ. "ಬೀದಿಗೆ ಬಿಡೋ ಮಾತಿಗೆ ಮನೆ ಬೀಗದ ಕೈ ಕಟ್ಟಿ ಕಳಿಸ್ತಾರಾ?" ಅನ್ನುತ್ತಿದ್ದಳು. ಬರೆದದ್ದನ್ನು ಓದಲು ಬಿಡುತ್ತಲೂ ಇರಲಿಲ್ಲ. ಓದುವವರ ಕಣ್ಣು ಎಡದಿಂದ ಬಲಕ್ಕೆ ಓಡುವುದು ಪರದೆಯ ಮೇಲೆ ಎದ್ದು ಕಾಣುತ್ತದೆ. ಅದಕ್ಕೇ ಇಡೀ ಬರಹವನ್ನು ಮನೆಯಲ್ಲಿ ಬಾಯಿಪಾಠ ಮಾಡಿಸಿ, ಚಿತ್ರ ತೆಗೆಯುವ ಹೊತ್ತಿಗೆ ಲೆನ್ಸಿನ ಕೆಳಗೆ ನಾಲ್ಕೇ ನಾಲ್ಕು ಪದ ಬರೆದ ಚೀಟಿ ಅಂಟಿಸುತ್ತಿದ್ದಳು. ಮಿಕ್ಕಿದ್ದು ಬಾಯಿಗೆ ಬಂದ ಹಾಗೆ ಬರಬೇಕು.

ತಂಗಿಯ ಮಗಳು ಫಿಸಿಯೋಥೆರಪಿ ಓದಿ ಮುಗಿಸಿ, ಫಲಿತಾಂಶ ಬಂದ ವಾರವೇ ಅಮ್ಮನನ್ನು ಕರೆದುಕೊಂಡು ಮಹಡಿ ಹತ್ತಿ ಬಂದಳು. ಕೈಯಲ್ಲಿ ಲ್ಯಾಪ್‌ಟಾಪು, ಮುಖದಲ್ಲಿ ಆಗಲೇ ವಿಮಾನ ಹತ್ತಿದ ಕಳೆ.

"ದೊಡ್ಡಮ್ಮ, ಹೊರದೇಶದ ಒಂದು ಪುನಶ್ಚೇತನ ಕೇಂದ್ರದಿಂದ ಮೇಲ್ ಬಂದಿದೆ. ನನ್ನ ಪ್ರೊಫೈಲ್ ನೋಡಿ ಅವರೇ ಕರೆದಿದ್ದಾರೆ. ವಿಡಿಯೋ ರೆಸ್ಯೂಮೆ ಕಳಿಸ್ಬೇಕಂತೆ."

"ಅವರೇ ಕರೆದ್ರಾ? ಯಾರು ಅವರು?"

"ಶುರುವಾಯ್ತು" ಅಂದಳು ತಂಗಿ. "ಅಕ್ಕ, ನೀನು ಮೊದಲು ಬರೆದುಕೊಡು. ಆಮೇಲೆ ಸಿಐಡಿ ಕೆಲಸ ಮಾಡು."

ಹುಡುಗಿ ತಾನೇ ಒಂದು ಕರಡು ಬರೆದು ತಂದಿದ್ದಳು. ಬಾಲ್ಯದಿಂದಲೂ ಜನಸೇವೆಯ ಕನಸು, ಕಠಿಣ ಪರಿಶ್ರಮ, ಎಲ್ಲರೊಡನೆ ಬೆರೆಯುವ ಗುಣ. ವಾರ್ತಕ್ಕ ಓದಿ, ಹಾಳೆಯನ್ನು ಮಗುಚಿಟ್ಟಳು.

"ಇದನ್ನ ನಿನ್ನ ಕ್ಲಾಸಿನಲ್ಲಿ ಯಾರು ಬೇಕಾದ್ರೂ ಹೇಳಬಹುದು. ನೀನು ಹೇಳೋದಕ್ಕೆ ಏನಿದೆ? ಆಸ್ಪತ್ರೆಯಲ್ಲಿ ತರಬೇತಿ ಮಾಡಿದ್ಯಲ್ಲ, ನಿನ್ನ ಕೈಯಿಂದ ಯಾರಿಗಾದ್ರೂ ಏನಾದ್ರೂ ಆಯ್ತಾ?"

ಹುಡುಗಿ ಯೋಚಿಸಿದಳು. ಪಾರ್ಶ್ವವಾಯು ಬಡಿದ ಒಬ್ಬ ಬಸ್ ಡ್ರೈವರ್ ಇದ್ದ. ಬಲಗೈಗೆ ರಬ್ಬರ್ ಚೆಂಡು ಕೊಟ್ಟು ಹಿಸುಕಿ ಅಂದರೆ, ಇದೇನು ಮಕ್ಕಳಾಟ ಅಂತ ಎಸೆದುಬಿಡುತ್ತಿದ್ದನಂತೆ. ಇವಳು ಆಸ್ಪತ್ರೆಯ ಅಡುಗೆಮನೆಯಿಂದ ಒಂದು ದೊಡ್ಡ ತಟ್ಟೆ ತಂದು, ಅಂಚಿಗೆ ಬಟ್ಟೆ ಸುತ್ತಿ, ಗೋಡೆಗೆ ಒತ್ತಿ ಹಿಡಿದು, "ತಿರುವಿದೆ ಅಣ್ಣ, ಬಲಕ್ಕೆ ತಗೊಳ್ಳಿ" ಅಂದಳಂತೆ. ಅವನು ನಕ್ಕು ತಟ್ಟೆ ಹಿಡಿದ. ದಿನಾ ಹಿಡಿದ. ಮನೆಗೆ ಹೋಗುವ ಹೊತ್ತಿಗೆ ಆ ಕೈಯಿಂದಲೇ ಲೋಟ ಎತ್ತುತ್ತಿದ್ದ.

ವಾರ್ತಕ್ಕನ ಪೆನ್ನು ಆಗಲೇ ಓಡುತ್ತಿತ್ತು. "ಇದು ನೋಡು ಮಾತು. ಅವನ ಹೆಸರು ಬೇಡ, ಆಸ್ಪತ್ರೆ ಹೆಸರೂ ಬೇಡ. ರೋಗಿಯ ವಿಷಯ ಅವನದ್ದು, ನಮ್ಮದಲ್ಲ. ತಟ್ಟೆ ಇರಲಿ."

ಬರಹ ಮುಗಿಯುತ್ತ ಬಂದಾಗ ಹುಡುಗಿಗೆ ನೆನಪಾಯಿತು. "ಅವರು ಒಂದು ಮಾದರಿ ವಿಡಿಯೋ ಕಳಿಸಿದ್ದಾರೆ ದೊಡ್ಡಮ್ಮ. ಇದೇ ತರ ಇರಲಿ ಅಂದಿದ್ದಾರೆ."

ಪರದೆಯ ಮೇಲೆ ಒಬ್ಬ ಯುವಕ. ನೀಲಿ ಅಂಗಿ, ಹಿಂದೆ ಆಸ್ಪತ್ರೆಯ ಹೊಳೆಯುವ ಪಡಸಾಲೆ. ತಾನು ನರ್ಸಿಂಗ್ ಪದವೀಧರ ಅಂತ ಇಂಗ್ಲಿಷಿನಲ್ಲಿ ಪರಿಚಯ ಹೇಳಿಕೊಂಡು, ಒಂದು ಸಲ ಉಗುಳು ನುಂಗಿ ಅವನು ಹೇಳಿದ: "ನಾನು ಮಾಡಿದ್ದನ್ನು ಮಾತ್ರ ಹೇಳುತ್ತೇನೆ. ಮಾಡದೆ ಇರುವುದನ್ನು ಕಲಿಯಲು ಬರುತ್ತೇನೆ."

ವಾರ್ತಕ್ಕ ಪರದೆಯ ಹತ್ತಿರಕ್ಕೆ ಬಾಗಿದಳು. ಆ ವಾಕ್ಯ ಆಕೆಯದು. ಇದೇ ಮೇಜಿನ ಮುಂದೆ ಕೂತು, ಒಬ್ಬ ಹುಡುಗನ ಬಾಯಿಂದ ಅರ್ಧ ಎಳೆದು, ಅರ್ಧ ತಾನು ಸೇರಿಸಿ ಬರೆದದ್ದು. ಆ ಹುಡುಗನೇ ಇವನು. ಉದ್ದ ವಾಕ್ಯಕ್ಕೆ ಮೊದಲು ಉಗುಳು ನುಂಗುವುದು ಅವನ ಅಭ್ಯಾಸವಾಗಿತ್ತು, ಅದನ್ನು ತಪ್ಪಿಸಲು ಆಗಿರಲೇ ಇಲ್ಲ.

ಆದರೆ ವಿಡಿಯೋ ಅಲ್ಲಿಗೆ ನಿಲ್ಲಲಿಲ್ಲ. "ಇಲ್ಲಿಗೆ ಬಂದು ಎರಡು ವರ್ಷವಾಯಿತು. ಸಂಸ್ಥೆ ನನ್ನನ್ನು ಮನೆಮಗನಂತೆ ನೋಡಿಕೊಂಡಿದೆ. ನೀವೂ ನಂಬಿ ಬನ್ನಿ" ಅಂದ ಅದೇ ಹುಡುಗ, ಅದೇ ಧ್ವನಿಯಲ್ಲಿ. ಈ ಸಲ ಉಗುಳು ನುಂಗಲಿಲ್ಲ. ಹಲ್ಲುಗಳು ಒಂದಕ್ಕೊಂದು ಅಂಟಿದ ಬಿಳಿ ಪಟ್ಟಿಯಂತಿದ್ದವು. ತುಟಿ ಮುಚ್ಚಬೇಕಾದ ಕಡೆ ಪೂರ್ತಿ ಮುಚ್ಚುತ್ತಿರಲಿಲ್ಲ.

"ಇನ್ನೊಂದು ಸಲ ಹಾಕು" ಅಂದಳು ವಾರ್ತಕ್ಕ. ಆಮೇಲೆ ಇನ್ನೊಂದು ಸಲ. ಆಮೇಲೆ ಮೆಟ್ಟಿಲ ಬಳಿ ಹೋಗಿ ಲೈಟಣ್ಣನನ್ನು ಕೂಗಿದಳು.

ಅವನು ಬಂದು ನಿಂತುಕೊಂಡೇ ನೋಡಿದ. "ಬೆಳಕು ನಮ್ಮದು" ಅಂದ. "ಮುಖಕ್ಕೆ ಎಡಗಡೆಯಿಂದ ಬಿದ್ದಿದೆ, ನಮ್ಮ ಕಿಟಕಿ. ಹಿಂದಿರೋ ಪಡಸಾಲೆಯಲ್ಲಿ ಕಿಟಕಿ ಬಲಗಡೆ ಇದೆ. ಕೂದಲಂಚು ನೋಡಿ, ನೀರಲ್ಲಿ ಅಲ್ಲಾಡಿದ ಹಾಗಿದೆ. ಹಿನ್ನೆಲೆ ಆಮೇಲೆ ಅಂಟಿಸಿದ್ದು."

"ಅಂದ್ರೆ?" ಅಂದಳು ಹುಡುಗಿ.

"ಅಂದ್ರೆ ಈ ಹುಡುಗನನ್ನ ಚಿತ್ರ ತೆಗೆದಿದ್ದು ಇಲ್ಲಿ" ಅಂದಳು ವಾರ್ತಕ್ಕ. "ಬರೆದವಳು ನಾನು. ಕೊನೇ ಮೂರು ಮಾತು ಮಾತ್ರ ನಾನು ಬರೆದಿದ್ದಲ್ಲ. ಅವನು ಹೇಳಿದ್ದೂ ಅಲ್ಲ. ಅವನ ಮುಖ, ಧ್ವನಿ ಇಟ್ಟುಕೊಂಡು ಯಾರೋ ಕಂಪ್ಯೂಟರಿನಲ್ಲಿ ಹೇಳಿಸಿದ್ದು."

ಹುಡುಗಿ ಸಿಟ್ಟಾದಳು. "ಇರಬಹುದು ದೊಡ್ಡಮ್ಮ, ಇಲ್ಲಿ ತೆಗೆಸಿಕೊಂಡು ಹೋಗಿ, ಅಲ್ಲಿ ಸೇರಿಕೊಂಡ ಮೇಲೆ ಇನ್ನಷ್ಟು ಹೇಳಿರಬಹುದಲ್ಲ? ಹಿನ್ನೆಲೆ ಎಲ್ಲರೂ ಬದಲಾಯಿಸ್ತಾರೆ. ನಿಮಗೆ ಎಲ್ಲಿ ನೋಡಿದ್ರೂ ಕಳ್ಳರೇ."

ತಂಗಿಯೂ ಸೇರಿಸಿದಳು: "ಬೆಳ್ಳಗಿರೋದೆಲ್ಲ ಹಾಲಲ್ಲ ಅನ್ನೋದು ಸರಿ ಅಕ್ಕ. ಆದ್ರೆ ನೀನು ಹಾಲನ್ನೂ ಸುಣ್ಣ ಅಂತೀಯಲ್ಲ."

ಹಾಗಾದರೆ ಈಗಲೇ ಮಾತಾಡೋಣ ಅಂತ ಹುಡುಗಿ ಮೇಲ್‌ನಲ್ಲಿದ್ದ ನಂಬರಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟಳು. ಹೆಣ್ಣುಧ್ವನಿ, ಸಕ್ಕರೆಯಲ್ಲಿ ಅದ್ದಿ ತೆಗೆದಂಥದ್ದು. ನಿಮ್ಮ ಪ್ರೊಫೈಲ್ ಎಲ್ಲರಿಗೂ ಇಷ್ಟವಾಗಿದೆ ಅಂದಳು. ವಿಡಿಯೋ ಜೊತೆಗೆ ಇನ್ನೊಂದು ಚಿಕ್ಕ ಗುರುತಿನ ವಿಡಿಯೋ ಬೇಕು ಅಂದಳು: ಪಾಸ್‌ಪೋರ್ಟ್ ಪುಟವನ್ನು ಮುಖದ ಪಕ್ಕ ಹಿಡಿಯಬೇಕು, ಹುಟ್ಟಿದ ದಿನಾಂಕ ಹೇಳಬೇಕು, ತಲೆಯನ್ನು ನಿಧಾನವಾಗಿ ಎಡಕ್ಕೆ, ಬಲಕ್ಕೆ ತಿರುಗಿಸಬೇಕು, ಸೊನ್ನೆಯಿಂದ ಒಂಬತ್ತರ ತನಕ ಅಂಕಿ ಓದಬೇಕು, ಕೊನೆಗೆ "ನನ್ನ ಒಪ್ಪಿಗೆ ಇದೆ" ಅನ್ನಬೇಕು. ನಾಳೆ ಸಂಜೆಗೆ ಸೀಟು ಮುಚ್ಚುತ್ತದೆ.

ವಾರ್ತಕ್ಕ ಬಾಗಿ ಕೇಳಿದಳು: "ಯಾವುದಕ್ಕೆ ಒಪ್ಪಿಗೆ?"

"ನೀವ್ಯಾರು ಮೇಡಂ?"

"ದೊಡ್ಡಮ್ಮ. ಅಲ್ಲಮ್ಮ, ಫಿಸಿಯೋಥೆರಪಿ ಮಾಡೋಕೆ ಅಲ್ಲಿನ ನೋಂದಣಿ ಬೇಕಲ್ವಾ? ಆ ಪರೀಕ್ಷೆ ಯಾವಾಗ?"

"ಅದೆಲ್ಲ ನಾವೇ ನೋಡಿಕೊಳ್ತೀವಿ ಮೇಡಂ."

"ಪರೀಕ್ಷೆನೂ ನೀವೇ ಬರೀತೀರಾ?"

ಹುಡುಗಿ ಫೋನು ಎತ್ತಿಕೊಂಡು ಕ್ಷಮೆ ಕೇಳಿ ಕರೆ ಮುಗಿಸಿದಳು. ಅವಳ ಕಣ್ಣಲ್ಲಿ ನೀರಿತ್ತು. "ನನ್ನ ಮಾನ ಕಳೆದ್ರಿ. ನೀವು ತೆಗೆಯದಿದ್ರೆ ನಾನು ಮನೆಯಲ್ಲೇ ತೆಗೆದುಕೊಳ್ತೀನಿ" ಅಂದು ಲ್ಯಾಪ್‌ಟಾಪು ಮುಚ್ಚಿದಳು.

"ನಾಳೆ ಮಧ್ಯಾಹ್ನದವರೆಗೆ ತಡಿ" ಅಂದಳು ವಾರ್ತಕ್ಕ. "ಆ ಹುಡುಗ ಎಲ್ಲಿದ್ದಾನೆ ಅಂತ ನೋಡಿಕೊಂಡು ಬರ್ತೀನಿ. ಅವನು ನಿಜವಾಗ್ಲೂ ಅಲ್ಲಿದ್ರೆ, ನಾನೇ ನಿಂತು ನಿನ್ನ ತಲೆ ಎಡಕ್ಕೆ ಬಲಕ್ಕೆ ತಿರುಗಿಸ್ತೀನಿ."

ಅವನನ್ನು ಹುಡುಕುವುದು ಕಷ್ಟವಾಗಲಿಲ್ಲ. ಹಳೆಯ ನಂಬರೇ ನಡೆಯುತ್ತಿತ್ತು. ಬಸ್ ನಿಲ್ದಾಣದ ಹಿಂದಿನ ಆಸ್ಪತ್ರೆಯಲ್ಲಿ, ಡಯಾಲಿಸಿಸ್ ವಿಭಾಗದಲ್ಲಿದ್ದೇನೆ ಅಂದ. ಮಾರನೆಯ ಬೆಳಗ್ಗೆ ಆಕೆ ಹೋದಾಗ ಸಾಲು ಹಾಸಿಗೆಗಳ ನಡುವೆ ಯಂತ್ರಗಳು ಸಣ್ಣಗೆ ಗುಂಯ್‌ಗುಡುತ್ತಿದ್ದವು. ಹುಡುಗ ಒಬ್ಬ ಮುದುಕಿಯ ತೋಳಿನ ಸೂಜಿ ತೆಗೆದು, ಹತ್ತಿ ಒತ್ತಿ ಹಿಡಿದು, ರಕ್ತ ನಿಂತಿತೆಂದು ಖಾತ್ರಿಯಾದ ಮೇಲೆ ಪಟ್ಟಿ ಸುತ್ತಿ, ಕೈಗವಸು ಕಳಚಿ ಹೊರಗೆ ಬಂದ. ಹೊರದೇಶಕ್ಕೆ ಅವನು ಹೋಗಿಯೇ ಇರಲಿಲ್ಲ. ಕಳಿಸಿದ ವಿಡಿಯೋಗೆ ಯಾರೂ ಉತ್ತರ ಬರೆದಿರಲಿಲ್ಲ.

ಕಾರಿಡಾರಿನ ಬೆಂಚಿನ ಮೇಲೆ ಕೂತು ವಾರ್ತಕ್ಕ ಫೋನಿನಲ್ಲಿ ಆ ಮಾದರಿ ತೋರಿಸಿದಳು. ಅವನು ತನ್ನ ಮುಖವನ್ನು ತಾನೇ ನೋಡುತ್ತ, ಮೊದಲು ನಾಚಿದ ಹಾಗೆ ನಕ್ಕ. ಕೊನೆಯ ಮೂರು ಮಾತಿಗೆ ಬಂದಾಗ ನಗು ಇಂಗಿಹೋಯಿತು.

"ಅದಕ್ಕೇ..." ಅಂದ.

"ಏನು?"

"ನಮ್ಮ ಸೋದರಮಾವನ ಪರಿಚಯದವರು ಒಬ್ಬರು ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈದ್ರು. ನಿನ್ನ ಮಾತು ನಂಬಿ ನಮ್ಮ ಹುಡುಗಿ ಹಾಳಾದ್ಲು ಅಂತ. ಯಾವ ಮಾತು ಅಂತ ಕೇಳಿದ್ರೆ, ನಾಟಕ ಆಡ್ಬೇಡ ಅಂದ್ರು. ಮಾವನೂ ಮನೆಗೆ ಬರೋದು ಬಿಟ್ಟ. ನಾನು ಏನು ಮಾಡಿದೆ ಅಂತ ತಲೆ ಕೆಡಿಸಿಕೊಂಡು ಕೂತಿದ್ದೆ." ಅವನು ಫೋನನ್ನು ಮರಳಿ ಕೊಡಲಿಲ್ಲ. ಆಕೆಯನ್ನು ನೋಡುವ ರೀತಿ ನಿಧಾನವಾಗಿ ಬದಲಾಯಿತು. "ಒಂದು ಮಾತು ಕೇಳ್ಲಾ? ಇದನ್ನ ತೆಗೆದಿದ್ದು ನೀವು. ಇದು ನಿಮ್ಮ ಹತ್ರ ತಾನೇ ಇತ್ತು?"

"ನಾನಾ? ನಾನು ನಿನಗೆ ಹೇಳೋಕೆ ಬಂದವಳು!"

"ಹೇಳೋಕೆ ಬಂದಿದ್ದೀರ. ಯಾಕೆ ಬಂದ್ರಿ ಅಂತ ನನಗೆ ಹೇಗೆ ಗೊತ್ತಾಗುತ್ತೆ? ನಾನು ಪೊಲೀಸರಿಗೆ ಹೋಗೋಕೆ ಮುಂಚೆ ಒಳ್ಳೆಯವರಾಗೋಣ ಅಂತಲೂ ಬಂದಿರಬಹುದಲ್ಲ?"

ಜೀವಮಾನವಿಡೀ ಬೇರೆಯವರ ಮೇಲೆ ಹರಿಸಿದ ಆ ನೋಟವನ್ನು ವಾರ್ತಕ್ಕ ಮೊದಲ ಸಲ ತನ್ನ ಮೇಲೆ ಅನುಭವಿಸಿದಳು. ಆದರೆ ಬಸ್ಸು ಹತ್ತಿ ವಾಪಸು ಬರುವ ದಾರಿಯಲ್ಲಿ ಆ ಪ್ರಶ್ನೆ ಬೇರೆ ಕಡೆ ತಿರುಗಿತು. ತನ್ನ ಹತ್ತಿರ ವಿಡಿಯೋ ಎಲ್ಲಿತ್ತು? ತಾನು ಬರೆಯುವವಳು. ಮೂಲ ಚಿತ್ರಗಳೆಲ್ಲ ಇರುವುದು ಲೈಟಣ್ಣನ ಡ್ರಾಯರಿನ ಡಿಸ್ಕುಗಳಲ್ಲಿ. ಹಳೆಯ ಕಂಪ್ಯೂಟರನ್ನು ಅವನು ಗುಜರಿಗೆ ಹಾಕಿದ್ದನಲ್ಲ, ಒಳಗಿದ್ದದ್ದನ್ನು ಅಳಿಸಿದ್ದನೋ ಇಲ್ಲವೋ? ನಿನ್ನೆ ನೋಡಿದ ಕೂಡಲೆ "ಬೆಳಕು ನಮ್ಮದು" ಅಂದನಲ್ಲ, ಅಷ್ಟು ಬೇಗ ಹೇಗೆ ಗೊತ್ತಾಯಿತು? ಅವನು ಬೆಳಕು ಗುರುತಿಸುವುದು ಹೊಸದೇನಲ್ಲ ಅನ್ನುವುದು ಆಕೆಗೆ ಗೊತ್ತಿತ್ತು. ಆದರೂ ಅನುಮಾನಕ್ಕೆ ಒಂದು ಸಲ ಕಾಲು ಬಂದರೆ ಅದು ತಾನೇ ನಡೆಯುತ್ತದೆ, ದಾರಿ ಕೇಳುವುದಿಲ್ಲ.

ಲೈಟಣ್ಣ ಊಟಕ್ಕೆ ಹೋಗಿದ್ದ. ಆಕೆ ಮೇಲಿನ ಕೋಣೆಯ ಮೂಲೆಯಲ್ಲಿದ್ದ ಅವನ ಡ್ರಾಯರ್ ಎಳೆದು ಡಿಸ್ಕುಗಳನ್ನು ಮೇಜಿನ ಮೇಲೆ ಹರಡಿಕೊಂಡು, ಮೇಲಿನ ಚೀಟಿಗಳನ್ನು ಓದುತ್ತಿರುವಾಗ ಅವನು ಬಾಗಿಲಲ್ಲಿ ನಿಂತಿದ್ದ.

"ಏನು ಹುಡುಕ್ತಿದ್ದೀರಿ ಅಕ್ಕ?"

"ಆ ನರ್ಸಿಂಗ್ ಹುಡುಗನ ವಿಡಿಯೋ. ಗುಜರಿಗೆ ಹಾಕಿದ ಕಂಪ್ಯೂಟರಿನಲ್ಲಿತ್ತಾ?"

"ಅದರ ಡಿಸ್ಕು ಬಿಚ್ಚಿಕೊಂಡೇ ಹಾಕಿದ್ದು. ನಿಮ್ಮ ಎಡಗೈ ಹತ್ರ ಇರೋದೇ ಅದು."

"ಇನ್ಯಾರಿಗಾದ್ರೂ ಕೊಟ್ಟಿದ್ಯಾ?"

ಅವನು ತಕ್ಷಣ ಉತ್ತರ ಕೊಡಲಿಲ್ಲ. ಆ ತಡವೂ ಆಕೆಗೆ ಸಾಕ್ಷಿಯಂತೆ ಕಂಡಿತು. ಆಮೇಲೆ ಅವನು ಜೇಬಿನಿಂದ ಸ್ಟುಡಿಯೋದ ಕೀಲಿಗೊಂಚಲು ತೆಗೆದು ಡಿಸ್ಕುಗಳ ಪಕ್ಕ ಇಟ್ಟ.

"ಎಲ್ಲಾ ಕಪಾಟು ನೋಡಿ. ಕ್ಯಾಮೆರಾ ಚೀಲನೂ ನೋಡಿ. ಮುಗಿದ ಮೇಲೆ ಬಾಗಿಲು ಹಾಕಿಕೊಂಡು ಹೋಗಿ" ಅಂದು ಮೆಟ್ಟಿಲು ಇಳಿದು ಹೊರಟುಹೋದ. ಕೆಳಗೆ ಫೋಟೋಗೆ ಕಾದಿದ್ದವರಿಗೆ "ಇವತ್ತಿಲ್ಲ" ಅಂದದ್ದು ಕೇಳಿಸಿತು.

ವಾರ್ತಕ್ಕ ನೋಡಿದಳು. ನಾಚಿಕೆಯಿಲ್ಲದೆ ಎಲ್ಲವನ್ನೂ ನೋಡಿದಳು. ಏನೂ ಸಿಗಲಿಲ್ಲ. ಸಿಗದಿದ್ದರೆ ಏನೂ ಇಲ್ಲ ಅಂತ ಅರ್ಥವೇ ಅಂತ ಯೋಚಿಸುತ್ತ ಕೂತಿರುವಾಗ ಡಯಾಲಿಸಿಸ್ ಹುಡುಗ ಡ್ಯೂಟಿ ಮುಗಿಸಿ ನೇರವಾಗಿ ಅಲ್ಲಿಗೇ ಬಂದ. ಪೊಲೀಸರಿಗೆ ದೂರು ಕೊಡುವುದಾದರೆ ಸ್ಟುಡಿಯೋದ ಹೆಸರು ಹೇಗೆ ಬರೆಯಬೇಕು ಅಂತ ಕೇಳಲು ಬಂದಿದ್ದ. ಧ್ವನಿಯಲ್ಲಿ ಬೆದರಿಕೆಯಿತ್ತು.

"ಬರಿ, ನಾನೇ ಹೇಳ್ತೀನಿ" ಅಂದಳು ವಾರ್ತಕ್ಕ. "ಆದ್ರೆ ಅದಕ್ಕೆ ಮುಂಚೆ ಹೇಳು. ನಾವು ವಿಡಿಯೋ ಕೊಟ್ಟ ಮೇಲೆ ನೀನು ಅದನ್ನ ಅವರಿಗೆಲ್ಲ ಹೇಗೆ ಕಳಿಸಿದೆ?"

"ಮೇಲ್‌ನಲ್ಲಿ ಹೋಗಲಿಲ್ಲ, ತುಂಬಾ ದೊಡ್ಡದಿತ್ತು. ವಿಡಿಯೋ ಹಾಕೋ ತಾಣ ಇದೆಯಲ್ಲ, ಅಲ್ಲಿ ಹಾಕಿ ಕೊಂಡಿ ಕಳಿಸಿದೆ."

"ತೆಗಿ ನೋಡೋಣ."

ಅವನು ತನ್ನ ಖಾತೆ ತೆರೆದ. ವಿಡಿಯೋ ಅಲ್ಲೇ ಇತ್ತು. ಯಾರು ನೋಡಬಹುದು ಅನ್ನುವ ಕಡೆ, "ಕೊಂಡಿ ಇದ್ದವರು ಮಾತ್ರ" ಅಂತ ಇರಬೇಕಾದಲ್ಲಿ "ಎಲ್ಲರೂ" ಅಂತ ಇತ್ತು. ಕೆಳಗೆ ಅವನು ತನ್ನ ಫೋನ್ ನಂಬರು, ಊರು, ಕಾಲೇಜು ಎಲ್ಲ ಬರೆದಿದ್ದ. ಹೊರದೇಶದ ನರ್ಸಿಂಗ್ ಕೆಲಸ ಅಂತ ಹುಡುಕಿದವರಿಗೆಲ್ಲ ಸಿಗುವ ಹಾಗೆ, ಸಂತೆಯ ನಡುವೆ ಮುಖ ತೂಗುಹಾಕಿದ ಹಾಗೆ. ಅಪರಿಚಿತರು ಸಾವಿರಾರು ಸಲ ನೋಡಿದ್ದರು. ತನಗೆ ಉತ್ತರವೇ ಬರಲಿಲ್ಲ ಅಂದುಕೊಂಡು ಅವನು ಆ ಕಡೆ ತಿರುಗಿಯೂ ನೋಡಿರಲಿಲ್ಲ.

"ಇಲ್ಲಿಂದ ಯಾರು ಬೇಕಾದ್ರೂ ಎತ್ತಿಕೊಳ್ಳಬಹುದು ಅಲ್ವಾ?" ಅಂದ ಅವನು, ತನಗೆ ತಾನೇ ಹೇಳಿಕೊಂಡ ಹಾಗೆ. ಆಮೇಲೆ, "ಬೆಳಿಗ್ಗೆ ನಿಮಗೆ ಅಂದೆನಲ್ಲ..."

"ನೀನು ಕೇಳಿದ್ದು ಸರಿ" ಅಂದಳು ವಾರ್ತಕ್ಕ. ಆಕೆಯ ಕಣ್ಣು ಮೇಜಿನ ಮೇಲಿದ್ದ ಕೀಲಿಗೊಂಚಲಿನ ಮೇಲಿತ್ತು.

ಆದರೆ ಲೈಟಣ್ಣನನ್ನು ಹುಡುಕಿಕೊಂಡು ಹೋಗಲು ಆಗ ಹೊತ್ತಿರಲಿಲ್ಲ. ಸಂಜೆಯಾಗುತ್ತ ಬಂದಿತ್ತು. ಇಬ್ಬರೂ ಆಟೋ ಹತ್ತಿ ತಂಗಿಯ ಮನೆಗೆ ಹೋದರು. ನಡುಮನೆಯ ಗೋಡೆಗೆ ಬಿಳಿ ಹಾಸು ಕಟ್ಟಿ, ಕುರ್ಚಿಯ ಮೇಲೆ ಪುಸ್ತಕ ಪೇರಿಸಿ, ಅದರ ಮೇಲೆ ಫೋನು ನಿಲ್ಲಿಸಿ ಹುಡುಗಿ ಚಿತ್ರ ತೆಗೆದುಕೊಂಡಿದ್ದಳು. ತಲೆ ತಿರುಗಿಸಿದ್ದಾಗಿತ್ತು, ಅಂಕಿ ಓದಿದ್ದಾಗಿತ್ತು. ಪಾಸ್‌ಪೋರ್ಟ್ ಹಿಡಿಯುವುದೊಂದು ಬಾಕಿ.

"ಪಾಸ್‌ಪೋರ್ಟ್ ಇಟ್ಟ ಬೀರುವಿನ ಕೀಲಿ ಸಿಗ್ತಿಲ್ಲ ಅಂತ ಅಮ್ಮ ಬೆಳಿಗ್ಗೆಯಿಂದ ಹುಡುಕ್ತಿದ್ದಾಳೆ" ಅಂದಳು ಹುಡುಗಿ ಬೇಸರದಿಂದ.

ತಂಗಿ ಅಕ್ಕನ ಮುಖ ನೋಡಲಿಲ್ಲ. ಸೆರಗಿನ ತುದಿಯಲ್ಲಿ ಏನೋ ಗಂಟು ಕಟ್ಟಿದ್ದು ಕಾಣುತ್ತಿತ್ತು. ಎಷ್ಟಾದರೂ ಒಂದೇ ತಾಯಿಯ ಮಕ್ಕಳು.

ವಾರ್ತಕ್ಕ ಪಕ್ಕಕ್ಕೆ ಸರಿದಳು. ಆಕೆಯ ಹಿಂದಿದ್ದ ಹುಡುಗ ಒಳಗೆ ಬಂದ. ತಂಗಿಯ ಮಗಳು ಅವನನ್ನು ನೋಡಿದಳು; ಲ್ಯಾಪ್‌ಟಾಪಿನ ಪರದೆ ನೋಡಿದಳು; ಮತ್ತೆ ಅವನನ್ನು ನೋಡಿದಳು. ಅಂಗಿ ಮಾತ್ರ ಬೇರೆ.

"ಅದು ನಾನೇ" ಅಂದ ಅವನು. "ನಾನು ಎಲ್ಲಿಗೂ ಹೋಗಿಲ್ಲ. ಬಸ್ ನಿಲ್ದಾಣದ ಹಿಂದಿನ ಆಸ್ಪತ್ರೆಯಲ್ಲಿದ್ದೀನಿ. ನೀವೂ ನಂಬಿ ಬನ್ನಿ ಅಂತ ನಾನು ಯಾರಿಗೂ ಹೇಳಿಲ್ಲ."

ಹುಡುಗಿ ಇನ್ನೊಂದು ಕುರ್ಚಿಯ ಅಂಚಿಗೆ ಕುಸಿದು ಕೂತಳು. "ಈ ಅಂಕಿ ಓದಿದ್ದನ್ನ ಏನು ಮಾಡ್ತಿದ್ರು?" ಅಂತ ಕೇಳಿದಳು.

"ನನಗೆ ಪೂರ್ತಿ ಗೊತ್ತಿಲ್ಲ" ಅಂದಳು ವಾರ್ತಕ್ಕ. "ಆದ್ರೆ ಬ್ಯಾಂಕಿನವರು ಫೋನಿನಲ್ಲೇ ಖಾತೆ ತೆರೆಯೋವಾಗ ಕೇಳೋದು ಇದನ್ನೇ ಅಲ್ವಾ? ಮುಖ ತಿರುಗಿಸಿ, ಅಂಕಿ ಹೇಳಿ, ಗುರುತಿನ ಪುಟ ತೋರಿಸಿ. ಕೆಲಸ ಕೊಡೋರಿಗೆ ನಿನ್ನ ಕೈಕೆಲಸ ಬೇಕು. ನಿನ್ನ ಕಿವಿ ಎಡಗಡೆಯಿಂದ ಹೇಗಿದೆ ಅಂತ ಯಾಕೆ ಬೇಕು?"

ಮಾರನೆಯ ದಿನ ಹುಡುಗಿ ತಾನೇ ಆ ಪುನಶ್ಚೇತನ ಕೇಂದ್ರದ ಸ್ವಂತ ಜಾಲತಾಣ ಹುಡುಕಿ, ಅಲ್ಲಿದ್ದ ನಂಬರಿಗೆ ಫೋನು ಮಾಡಿದಳು. ಕೇಂದ್ರ ನಿಜವಾಗಿಯೂ ಇತ್ತು. ಅಲ್ಲಿಯವರು ಅಂಥ ಮೇಲ್ ಕಳಿಸಿರಲಿಲ್ಲ. ಅವರ ಹೆಸರಿನಲ್ಲಿ ಒಂದಕ್ಷರ ಬದಲಿಸಿ ಯಾರೋ ಬೇರೆ ವಿಳಾಸ ಮಾಡಿಕೊಂಡಿದ್ದರು. ನೀವು ಮೂರನೆಯವರು ಕೇಳುತ್ತಿರುವುದು ಅಂದರಂತೆ. ಡಯಾಲಿಸಿಸ್ ಹುಡುಗ ಸೈಬರ್ ಠಾಣೆಗೆ ದೂರು ಕೊಟ್ಟ. ತನ್ನ ಮುಖ ತನ್ನದೆಂದು ತೋರಿಸಿ ಆ ಸುಳ್ಳು ವಿಡಿಯೋ ತೆಗೆಸಿಹಾಕಿದ. ಕೆಲವು ದಿನಗಳ ಮೇಲೆ ಅದು ಬೇರೆ ಹೆಸರಿನಲ್ಲಿ ಮತ್ತೆ ತಲೆಯೆತ್ತಿತು, ಮತ್ತೆ ತೆಗೆಸಿದ. ಅವನ ಸೋದರಮಾವ ಮಾತ್ರ ಎರಡೂ ವಿಡಿಯೋ ಪಕ್ಕಪಕ್ಕ ಇಟ್ಟು ತೋರಿಸಿದ ಮೇಲೆ ಬಂದು, ಏನೂ ಆಗಿಲ್ಲವೇನೋ ಅನ್ನುವ ಹಾಗೆ ಟೀ ಕುಡಿದು ಹೋದ. ಹೊಸದೊಂದು ಬರೆದುಕೊಡುತ್ತೇನೆ, ಮತ್ತೆ ತೆಗೆಸು ಅಂತ ವಾರ್ತಕ್ಕ ಹೇಳಿದರೆ ಹುಡುಗ ಕೈಮುಗಿದ. "ಸದ್ಯಕ್ಕೆ ನನ್ನ ಮುಖಕ್ಕೆ ರಜಾ ಕೊಟ್ಟಿದ್ದೀನಿ" ಅಂದ.

ಲೈಟಣ್ಣ ಸ್ಟುಡಿಯೋಗೆ ಬರಲಿಲ್ಲ. ವಾರ್ತಕ್ಕ ಒಂದು ದಿನ ಕಾದಳು, ಮರುದಿನ ಕೀಲಿಗೊಂಚಲು ಹಿಡಿದು ಅವನ ಮನೆಗೆ ಹೋದಳು. ಅವನು ಅಂಗಳದಲ್ಲಿ ಹಳೆಯ ಟ್ರೈಪಾಡಿನ ತಿರುಪಿಗೆ ಎಣ್ಣೆ ಬಿಡುತ್ತ ಕೂತಿದ್ದ. ಏಳಲಿಲ್ಲ, ಕೂತುಕೊಳ್ಳಿ ಅಂತ ಕುರ್ಚಿ ಮಾತ್ರ ಕಾಲಿನಿಂದ ಮುಂದಕ್ಕೆ ತಳ್ಳಿದ.

ಆಕೆ ನಡೆದದ್ದನ್ನೆಲ್ಲ ಹೇಳಿದಳು. "ತಪ್ಪಾಯ್ತು" ಅಂದಳು. ಆ ಮಾತು ಆಕೆಯ ಬಾಯಿಗೆ ಹೊಸದು.

ಲೈಟಣ್ಣ ತಿರುಪು ತಿರುಗಿಸುತ್ತಲೇ ಹೇಳಿದ: "ಅನುಮಾನ ಪಡಬೇಡಿ ಅನ್ನಲ್ಲ ಅಕ್ಕ. ನೀವು ಪಡದೆ ಇದ್ದಿದ್ರೆ ಆ ಹುಡುಗಿ ಸಿಕ್ಕಿಹಾಕಿಕೊಳ್ತಿದ್ಲು. ನನ್ನ ಮೇಲೂ ಪಡಿ. ಆದ್ರೆ ಮೊದಲು ನನ್ನನ್ನ ಕೇಳಿ, ಆಮೇಲೆ ಡ್ರಾಯರ್ ಎಳೀರಿ. ನೀವು ಮೊದಲು ಡ್ರಾಯರ್ ಎಳೆದ್ರಿ."

"ಹೌದು."

"ಸುದ್ದಿ ಓದೋವಾಗ ಏನು ಹೇಳ್ತಿದ್ರಿ? ಇನ್ನೊಂದು ಕಡೆಯವರ ಮಾತು ಕೇಳದೆ ಬರೀಬಾರದು ಅಂತ."

ವಾರ್ತಕ್ಕ ಕೀಲಿಗೊಂಚಲು ಮುಂದಕ್ಕೆ ಚಾಚಿದಳು. ಅವನು ಕೀಲಿ ತೆಗೆದುಕೊಂಡ. ಆದರೆ ಆ ವಾರವಿಡೀ ಬರಲಿಲ್ಲ. ಬಂದ ಮೇಲೂ ಮೊದಲಿನ ಹಾಗೆ ಮಧ್ಯಾಹ್ನದ ಟೀಗೆ ಮೇಲೆ ಹತ್ತಿ ಬರುತ್ತಿರಲಿಲ್ಲ. ಆಕೆಯ ಟೀ ಲೋಟವನ್ನು ಕೆಳಗಿನಿಂದಲೇ ಕಳಿಸುತ್ತಿದ್ದ. ಅದಕ್ಕೆ ಏನಾದರೂ ಅನ್ನುವ ಹಕ್ಕು ಸದ್ಯಕ್ಕೆ ತನಗಿಲ್ಲ ಅಂದುಕೊಂಡಳು ವಾರ್ತಕ್ಕ.

ತಂಗಿಯ ಮಗಳ ವಿಡಿಯೋ ಅವನೇ ತೆಗೆದ. ತಟ್ಟೆಯ ಕಥೆ ಹೇಳುವಾಗ ಹುಡುಗಿಯ ಎರಡು ಕೈಗಳೂ ತಾವಾಗಿಯೇ ಮೇಲೆದ್ದು, ಇಲ್ಲದ ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿದವು. ಕೈ ಕೆಳಗಿಡು ಅಂತ ವಾರ್ತಕ್ಕ ಬಾಯಿ ತೆರೆದಳು. ಲೈಟಣ್ಣ ಬೆರಳು ತುಟಿಗಿಟ್ಟು ತಡೆದ. ಅದನ್ನೇ ಇಟ್ಟುಕೊಂಡರು. ಕೊಂಡಿ ಇದ್ದವರಿಗೆ ಮಾತ್ರ ಕಾಣುವ ಹಾಗೆ ಹಾಕಿ, ತಾನೇ ಹುಡುಕಿ ಖಚಿತಪಡಿಸಿಕೊಂಡ ಎರಡು ಆಸ್ಪತ್ರೆಗಳಿಗೆ ಹುಡುಗಿ ಕಳಿಸಿದಳು. ಒಂದರಿಂದ ಉತ್ತರವಿಲ್ಲ. ಇನ್ನೊಂದರವರು ನೇರ ಸಂದರ್ಶನ ಮಾಡಿ, ಮೊದಲು ನೋಂದಣಿಯ ಪರೀಕ್ಷೆ ಮುಗಿಸಿ, ಆಮೇಲೆ ಮಾತಾಡೋಣ ಅಂದರು. ಹುಡುಗಿ ಈಗ ಓದುತ್ತಿದ್ದಾಳೆ. ಇಷ್ಟು ಕಷ್ಟದ ಉತ್ತರ ಬಂತಲ್ಲ, ಹಾಗಾದರೆ ಇದು ನಿಜವಾದ ಆಸ್ಪತ್ರೆಯೇ ಅಂತ ಅವಳ ಅಮ್ಮ ಸಮಾಧಾನಪಟ್ಟುಕೊಂಡಿದ್ದಾಳೆ.

ವಾರ್ತಕ್ಕ ಈಗ ವಿಡಿಯೋ ಕೊಟ್ಟು ಸುಮ್ಮನಾಗುವುದಿಲ್ಲ. ಹಾಕುವಾಗ ಪಕ್ಕದಲ್ಲಿ ಕೂತು, ಯಾರಿಗೆ ಕಾಣಬೇಕು, ಕೆಲಸ ಸಿಕ್ಕ ಮೇಲೆ ಯಾವಾಗ ತೆಗೆಯಬೇಕು ಅನ್ನುವುದನ್ನೆಲ್ಲ ಮಾಡಿಸಿಯೇ ಕಳಿಸುತ್ತಾಳೆ. ಮೊನ್ನೆ ಎಂಜಿನಿಯರಿಂಗ್ ಮುಗಿಸಿದ ಮಗಳನ್ನು ಕರೆದುಕೊಂಡು ಒಬ್ಬ ಅಪ್ಪ ಬಂದಿದ್ದರು. ಕುರ್ಚಿ ತೋರಿಸಿದರೂ ಕೂರದೆ, ಕೋಣೆಯ ನಾಲ್ಕೂ ಮೂಲೆ ನೋಡಿ, ಹುಬ್ಬು ಗಂಟಿಕ್ಕಿ ಕೇಳಿದರು:

"ಅಲ್ಲಮ್ಮ, ನನ್ನ ಮಗಳ ಈ ಚಿತ್ರ ನಿಮ್ಮ ಹತ್ರ ಎಷ್ಟು ದಿನ ಇರುತ್ತೆ? ಆಮೇಲೆ ಏನು ಮಾಡ್ತೀರಿ?"

ಮಗಳು ಮುಜುಗರದಿಂದ ಅಪ್ಪನ ತೋಳು ಎಳೆದಳು. ವಾರ್ತಕ್ಕ ಪೆನ್ನು ಕೆಳಗಿಟ್ಟು ಎದ್ದು ನಿಂತಳು.

"ಕೇಳಿ ಸ್ವಾಮಿ, ಇನ್ನೂ ಕೇಳಿ" ಅಂದು, ಮೆಟ್ಟಿಲ ಕಡೆ ತಿರುಗಿ ಕೂಗಿದಳು. "ಲೈಟಣ್ಣಾ, ಸ್ವಲ್ಪ ಮೇಲೆ ಬಾರಪ್ಪ. ಇವರಿಗೆ ಹೇಳಬೇಕಾದವನು ನೀನು."

ಕೆಳಗೆ ಕುರ್ಚಿ ಸರಿದ ಸದ್ದಾಯಿತು. ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆಯ ಸಪ್ಪಳ ಕೇಳಿತು.